ಎಪ್ಪತ್ತಕ್ಕೆ ಸರಿಹೋದ ಲೆಕ್ಕ

ನನ್ನದು ಪಿಂಚಣಿಯಿಲ್ಲದ ಖಾಸಗಿ ಶಾಲೆಯ ಮೇಷ್ಟ್ರು ಕೆಲಸ. ಐವತ್ತು ತುಂಬಿದ ವರ್ಷ, ಅರವತ್ತರ ನಂತರದ ಬದುಕಿಗೆ ಇನ್ನೆಷ್ಟು ಹಣ ಕಡಿಮೆಯಿದೆ ಎಂದು ನೋಡಲು ನಮ್ಮ ಗಣಿತದ ಮೇಷ್ಟ್ರನ್ನು ಮನೆಗೆ ಕರೆದೆ.

ಅಟ್ಟದ ಮೇಲೆ ಒಣಗುವ ಕೊಬ್ಬರಿಯೇ ಪಿಂಚಣಿ ಎಂದುಕೊಂಡು, ಈ ಸಲ ಏರಿದ ಬೆಲೆಯನ್ನೇ ಮುಂದಿನ ಎಲ್ಲ ವರ್ಷಗಳಿಗೂ ಬರೆದಿಟ್ಟಿದ್ದೆ. ಅವರು ಆ ಸಾಲನ್ನೇ ಹೊಡೆದುಹಾಕಿದರು.

"ನೀವು ರಿಟೈರಾಗೋದು ನೋಡ್ಕೊಂಡು ಕೊಬ್ಬರಿ ರೇಟು ಏರಲ್ಲ ಕಣ್ರೀ."

ಈಗಿನ ತಿಂಗಳ ಖರ್ಚು ಇಪ್ಪತ್ತು ಸಾವಿರ. ಬೆಲೆಗಳು ವರ್ಷಕ್ಕೆ ಶೇಕಡಾ ಆರರಂತೆ ಏರಿದರೆ ಹತ್ತು ವರ್ಷಕ್ಕೆ ಅದು ಸುಮಾರು ಮೂವತ್ತಾರು ಸಾವಿರ. ಆಮೇಲಿನ ಬಡ್ಡಿಯೆಲ್ಲ ಬೆಲೆಯೇರಿಕೆಗೇ ಸರಿಹೋಗುತ್ತದೆಂದು ಹಿಡಿದರೆ, ಎಂಬತ್ತೈದರವರೆಗೆ ಬದುಕಲು ಒಂದು ಕೋಟಿ ಎಂಟು ಲಕ್ಷ ಬೇಕು. ನನ್ನ ಇಪ್ಪತ್ತು ಲಕ್ಷದ ಉಳಿತಾಯ ಶೇಕಡಾ ಎಂಟರಲ್ಲಿ ಬೆಳೆದರೂ ಅರವತ್ತರ ಹೊತ್ತಿಗೆ ನಲವತ್ತಮೂರು ಲಕ್ಷವಾಗುತ್ತದೆ. ಕೊರತೆ ಅರವತ್ತೈದು ಲಕ್ಷ.

ಅವರು ಹೋದ ಮೇಲೆ ಸಿಟ್ಟಿನಲ್ಲಿ ಎಂಬತ್ತೈದನ್ನು ಅಳಿಸಿ ಎಪ್ಪತ್ತು ಎಂದು ಬರೆದೆ. ಹತ್ತು ವರ್ಷದ ಬದುಕಿಗೆ ಬೇಕಾದದ್ದು ನಲವತ್ತಮೂರೇ ಲಕ್ಷ. ಕೊರತೆಯೇ ಉಳಿಯಲಿಲ್ಲ.

ಒಳಗಿನಿಂದ ಎಂಬತ್ತೆಂಟು ವರ್ಷದ ನನ್ನಮ್ಮ ಕೂಗಿದಳು:

"ಹೊಟ್ಟೆ ಹಸೀತೈತೆ ಕಣಪ್ಪ."