ಅಕ್ಕನ ಮಾತು, ಅಧಿಕಾರಿಯ ಫೋನಿನಲ್ಲಿ

ಕಳೆದ ವರ್ಷ ಅಕ್ಟೋಬರ್‌ನ ಒಂದು ಬುಧವಾರ, ಮೊಳಕಾಲ್ಮೂರಿನ ಕುಂದುಕೊರತೆ ಸಭೆಯಲ್ಲಿ ನನ್ನ ಅಕ್ಕ ಕಳಿಸಿದ ವಾಟ್ಸಾಪ್ ಸಂದೇಶವನ್ನು ಅಧಿಕಾರಿಯೊಬ್ಬರು ಗಟ್ಟಿಯಾಗಿ ಓದಿದರು. ಸಭೆ ನಕ್ಕಿತು. ನಾನು ಪತ್ರಕರ್ತರ ಸಾಲಿನಲ್ಲಿದ್ದೆ.

ನನ್ನ ಕೆಲಸ ಚಳ್ಳಕೆರೆಯಲ್ಲಿ, ಒಂದು ಸಣ್ಣ ದಿನಪತ್ರಿಕೆಯಲ್ಲಿ. ಹಳ್ಳಿಗಳಿಂದ ವರದಿಗಾರರು ಮಾತಾಡಿದಂತೆಯೇ ಬರೆದು ಕಳಿಸುವ ಸುದ್ದಿಯನ್ನು ಅಚ್ಚಿನ ಕನ್ನಡಕ್ಕೆ ತರುತ್ತೇನೆ. ‘ಐತೆ’ ಎಂದಿದ್ದರೆ ‘ಇದೆ’ ಎಂದು ತಿದ್ದುತ್ತೇನೆ. ಯಾರಾದರೂ ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ ಬಂದರೆ ಮಾತ್ರ ಮುಟ್ಟುವುದಿಲ್ಲ. ಅಂದು ಮೊಳಕಾಲ್ಮೂರಿನ ವರದಿಗಾರ ರಜೆಯಲ್ಲಿದ್ದುದರಿಂದ ನಾನು ಹೋಗಿದ್ದೆ.

ಅಕ್ಕನನ್ನು ಕೊಟ್ಟಿದ್ದು ಅದೇ ಊರಿನ ನೇಕಾರರ ಮನೆಗೆ. ಮಗ್ಗಕ್ಕೆ ಏರಿಸುವ ಮುನ್ನ ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಸರಿಪಡಿಸಬೇಕು. ಮಳೆ ಬಂದರೆ ರೇಷ್ಮೆ ನೆನೆಯುತ್ತದೆ, ಕೆಲಸ ಕೆಡುತ್ತದೆ. ಬೀದಿಯ ಕೊನೆಯಲ್ಲಿ ಬೀಗ ಹಾಕಿದ ಸಮುದಾಯ ಭವನವಿದೆ. ಮಳೆ ನಿಲ್ಲುವವರೆಗೆ ಅದನ್ನು ಕೇಳೋಣವೆಂದು ಬೀದಿಯ ನಾಲ್ಕು ಮನೆಯ ಹೆಂಗಸರು ನಿರ್ಧರಿಸಿದ್ದರು. ಅಧಿಕಾರಿಗೆ ಏನು ಬರೆಯಬೇಕೆಂದು ಅಕ್ಕ ಮಗ್ಗದಲ್ಲಿ ಕೂತೇ ಹೇಳಿದ್ದಳು. ಅವಳು ಹೇಳಿದ ಹಾಗೆಯೇ ಪಕ್ಕದ ಮನೆಯಾಕೆ ಅಕ್ಕನ ಫೋನಿನಲ್ಲಿ ಟೈಪ್ ಮಾಡಿದ್ದಳು.

ಅಧಿಕಾರಿ ಅಕ್ಕನ ಹೆಸರು ಹೇಳಿ ಓದಿದ್ದು ಇಷ್ಟು: “ಸಾರ್, ಮಳೆ ಬರ್ತೈತೆ, ಹಾಸು ನೆನೀತಾವೆ. ಭವನ ಖಾಲಿನೇ ಐತಲ್ಲ, ಬೀಗ ತೆಗ್ಸಿ ಕೊಡ್ರಿ. ನಾಳೆ ಬರ್ತೀವಿ.”

ಓದಿ ಮುಗಿಸಿ ಫೋನನ್ನು ಮೇಜಿನ ಮೇಲಿಟ್ಟರು. “ಇದು ಅರ್ಜಿನೋ, ನನಗೇ ಆರ್ಡರ್ರೋ? ಇದನ್ನ ಫೈಲ್‌ನಾಗೆ ಹೆಂಗ್ರಿ ಹಾಕ್ಲಿ?”

ಹಿಂದಿನಿಂದ ಯಾರೋ, “ನಾಳೆ ಬರ್ತಾರಂತೆ ಸಾರ್, ಟೀ ಕಾಯ್ಸಿಡ್ರಿ” ಎಂದರು. ನಗು ಜೋರಾಯಿತು. ಪಕ್ಕದಲ್ಲಿದ್ದ ಇನ್ನೊಂದು ಪತ್ರಿಕೆಯವನು ಮೊಣಕೈಯಿಂದ ತಿವಿದು, “ಇವ್ರು ನಿಮ್ ಕಡೇರೇನ್ರಿ?” ಎಂದ.

“ಇಲ್ಲ, ನಂದು ಚಳ್ಳಕೆರೆ” ಎಂದೆ.

“ಅಲ್ಲೇನ್ ಇಂಗ್ಲೀಷ್ ಮಾತಾಡ್ತೀರಾ?” ಎಂದು ಅವನು ನಕ್ಕ. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ಸಭೆ ಮುಗಿದ ಮೇಲೆ ಅಕ್ಕನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅವಳು ಮಗ್ಗದ ಗುಂಡಿಯಿಂದ ಕಾಲು ತೆಗೆಯಲಿಲ್ಲ.

“ಕೊಡ್ರಿ ಅಂದ್ರೆ ಮರ್ವಾದಿ ಅಲ್ಲೇನಲೇ? ಇನ್ನೆಂಗ್ ಅನ್ಬೇಕಿತ್ತು?”

ಎದುರಿಗೆ ನಿಂತು ಅಂದಿದ್ದರೆ ಅದು ಮರ್ಯಾದೆಯೇ. ಅವಳು ‘ರಿ’ಯನ್ನು ಎಳೆಯುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ದನಿ ತಗ್ಗಿಸುತ್ತಾಳೆ. ಆ ಅಧಿಕಾರಿಯೂ ಕುರ್ಚಿ ತೋರಿಸಿ ಕೂರಿಸುತ್ತಿದ್ದರು. ಫೋನಿನ ಪರದೆಗೆ ದನಿಯೂ ಬರುವುದಿಲ್ಲ, ಮುಖವೂ ಬರುವುದಿಲ್ಲ. ‘ಖಾಲಿನೇ ಐತಲ್ಲ’ ಎಂಬುದು ತಪ್ಪು ಹೊರಿಸಿದಂತೆ, ‘ನಾಳೆ ಬರ್ತೀವಿ’ ಎಂಬುದು ಹೆದರಿಸಿದಂತೆ ಕಾಣುತ್ತದೆ. ಒಬ್ಬ ಅಧಿಕಾರಿಗೆ ಬರೆಯುವಾಗ ಒಂದು ನಿಮಿಷವೂ ಯೋಚಿಸಲಿಲ್ಲ ಎಂಬ ಭಾವನೆ ಓದುವವರಿಗೆ ಬರುತ್ತದೆ. ಇದನ್ನೆಲ್ಲ ಅವಳಿಗೆ ವಿವರಿಸಿದೆ. ಪಾಠ ಹೇಳುವ ದನಿಯಲ್ಲೇ ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. “ನೀನೂ ಇದ್ದೇನಲೇ ಅಲ್ಲಿ?”

“ಇದ್ದೆ.”

“ನಮ್ಮಕ್ಕ ಅಂತ ಅಂದೇನು?”

“ಇಲ್ಲಕ್ಕ.”

ಲಾಳಿ ಎರಡು ಸಲ ಆ ಕಡೆ ಈ ಕಡೆ ಓಡಿತು. “ಸರಿ ಬಿಡು. ಬರ್ಕೊಡು, ಅದೇನ್ ಬರೀಬೇಕೋ.”

ಬರೆದುಕೊಟ್ಟೆ. ‘ಮಾನ್ಯರೇ, ಮಳೆಯಿಂದಾಗಿ ನಮ್ಮ ಬೀದಿಯ ನೇಕಾರರ ಹಾಸುಗಳು ನೆನೆದು ಹಾಳಾಗುತ್ತಿವೆ. ಮಳೆ ನಿಲ್ಲುವವರೆಗೆ ಸಮುದಾಯ ಭವನವನ್ನು ನಮ್ಮ ಬಳಕೆಗೆ ನೀಡಬೇಕೆಂದು ವಿನಂತಿಸುತ್ತೇವೆ.’ ಓದಿ ಹೇಳಿದೆ.

ಪಕ್ಕದ ಮನೆಯಾಕೆ, “ಅಬ್ಬಾ, ರೇಡಿಯೋದಾಗೆ ಬಂದಂಗಾತು” ಎಂದಳು. ಅಕ್ಕ ನಗಲಿಲ್ಲ. ನಾಲ್ಕೂ ಮನೆಯವರ ಸಹಿ ಹಾಕಿಸಿಕೊಂಡು ತಾನೇ ಕಚೇರಿಗೆ ಹೋದಳು. ನಾನು ಜೊತೆಗೆ ಹೊರಟಾಗ, “ನೀನ್ ಬ್ಯಾಡ, ಬಸ್ಸಿಗೆ ಹೊತ್ತಾತು” ಎಂದಳು.

ಆ ಸಂಜೆ ಸಭೆಯ ವರದಿ ಬರೆದೆ. ಸಂದೇಶದ ಪ್ರಸಂಗವನ್ನು ಬಿಟ್ಟೆ. ಸುದ್ದಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾವ ಹೆಂಗಸಿನದಾಗಿದ್ದರೂ ಅದನ್ನು ಪುಟದಲ್ಲಿ ಎದ್ದು ಕಾಣುವಂತೆ ಚೌಕಟ್ಟಿನಲ್ಲಿ ಹಾಕುತ್ತಿದ್ದೆ ಎಂಬುದೂ ಗೊತ್ತಿತ್ತು.

ಅಕ್ಕ ಯಾವಾಗಲೂ ನನಗೆ ದನಿಯಲ್ಲೇ ಸಂದೇಶ ಕಳಿಸುವವಳು. ‘ಲೇ, ಉಂಡೇನಲೇ?’ ಎಂದೇ ಶುರು. ಮುಂದಿನ ವಾರ ಅವಳಿಂದ ಅಕ್ಷರದ ಸಂದೇಶ ಬಂತು.

‘ಸಮುದಾಯ ಭವನದ ಬೀಗವನ್ನು ಇಂದು ತೆರೆಯಲಾಗಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು.’