ಎಪ್ಪತ್ತೈದು ಡಿಗ್ರಿಯ ಮೊಸರು

ಆಸ್ಪತ್ರೆಯ ಅಡುಗೆಮನೆಯಲ್ಲಿ ನಾವೆಲ್ಲ ಅವಳನ್ನು ಹೆಪ್ಪಮ್ಮ ಎನ್ನುತ್ತಿದ್ದೆವು. ಯಾರ ಮನೆಯಲ್ಲಿ ಮೊಸರು ಕೆಟ್ಟರೂ ಮಾರನೆಯ ದಿನ ಪುಟ್ಟ ಡಬ್ಬಿಯಲ್ಲಿ ಹೆಪ್ಪು ತಂದುಕೊಡುತ್ತಿದ್ದಳು, ಹಾಗೆ ಅಂಟಿಕೊಂಡ ಹೆಸರು. ನಾನು ತಟ್ಟೆ ತೊಳೆಯುವವಳು. ಅವಳ ಒಲೆಯ ಹಿಂದಿನ ನಲ್ಲಿಯ ಬಳಿ ಹನ್ನೊಂದು ವರ್ಷ ನಿಂತವಳಿಗೆ ಅವಳ ಮುಖಕ್ಕಿಂತ ಬೆನ್ನೇ ಚೆನ್ನಾಗಿ ಗೊತ್ತು.

ನಮಗೆ ಎರಡು ಆಜ್ಞೆಗಳಿದ್ದವು. ಗೋಡೆಯ ಮೇಲಿದ್ದದ್ದು: ಎಪ್ಪತ್ತೈದು ಡಿಗ್ರಿ ಮುಟ್ಟದ ಯಾವ ಊಟವೂ ಈ ಬಾಗಿಲು ದಾಟಬಾರದು. ಹಿಂದೊಮ್ಮೆ ಇಡೀ ವಾರ್ಡಿಗೆ ವಾಂತಿಭೇದಿಯಾದ ಮೇಲೆ ಬಂದದ್ದು, ಅದನ್ನು ತಪ್ಪೆನ್ನಲು ನನಗೂ ಬಾಯಿ ಬರದು. ರೋಗಿಗಳ ಊಟದ ಚೀಟಿಯಲ್ಲಿದ್ದದ್ದು: ಆಂಟಿಬಯಾಟಿಕ್ ತೆಗೆದುಕೊಳ್ಳುವವರಿಗೆ ದಿನವೂ ಜೀವಂತ ಮೊಸರು, ಅಂದರೆ ಕಾಯಿಸದ ಹಸಿ ಮೊಸರು. ಎರಡಕ್ಕೂ ಸೂಪರ್‌ವೈಸರ್ ಒಂದೇ ಮದ್ದು ಕಂಡುಹಿಡಿದ. ತರಕಾರಿಗೆ ಮೊಸರು ಸುರಿದು ಸಾರು ಕುದಿಸುವುದು.

"ಮೊಸರೂ ಇದೆ, ಬಿಸೀನೂ ಇದೆ. ಟಿಕ್ ಹಾಕಮ್ಮ," ಎಂದ.

ಮೊಸರು ಕೊಟ್ಟಾಯಿತು ಎಂಬ ಚೌಕದಲ್ಲಿ ಹೆಪ್ಪಮ್ಮ ಟಿಕ್ ಹಾಕಿದಳು. ದಿನಕ್ಕೆ ನಲವತ್ತು ಚೀಟಿ, ಹನ್ನೊಂದು ವರ್ಷ. ಗಂಡನಿಲ್ಲದ ಹೆಂಗಸು, ಮನೆ ನಡೆಯುವುದು ಈ ಒಲೆಯಿಂದಲೇ.

ಆಮೇಲೆ ಅವಳ ಸ್ವಂತ ಅಕ್ಕ ಕಾಲಿನ ಗಾಯ ಕೀವಾಗಿ ಮೇಲಿನ ವಾರ್ಡಿಗೆ ಬಂದಳು. ಔಷಧಿಗೆ ಗಾಯ ಇಳಿಯಿತು, ಹೊಟ್ಟೆ ಕೆಟ್ಟಿತು. ದಿನಕ್ಕೆ ಎಂಟು ಹತ್ತು ಸಲ ಗೋಡೆ ಹಿಡಿದು ಪಾಯಿಖಾನೆಗೆ ನಡೆದು ಹೋಗುತ್ತಿದ್ದಳು. ಅಕ್ಕನ ಚೀಟಿಯಲ್ಲೂ ಅದೇ ಸಾಲು ಬಂತು, ಜೀವಂತ ಮೊಸರು. ಅಂದು ಹೆಪ್ಪಮ್ಮನ ಬೆನ್ನು ನೆಟ್ಟಗಾದದ್ದನ್ನು ನೋಡಿದೆ. ಪೆನ್ನು ಹಿಡಿದು ಬಹಳ ಹೊತ್ತು ನಿಂತು, ಕೊನೆಗೆ ಟಿಕ್ ಹಾಕಿದಳು.

ಮಾರನೆಯ ದಿನ ಬೆಳಿಗ್ಗೆಯೇ ಮೂರು ಲೋಟ ಇಟ್ಟಳು. ಮೂರಕ್ಕೂ ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲು. ಒಂದಕ್ಕೆ ಹಸಿ ಮೊಸರು ಒಂದು ಚಮಚ. ಇನ್ನೊಂದಕ್ಕೆ, ಮಸಾಲೆ ಬೀಳುವ ಮೊದಲೇ ಸಾರಿನ ಪಾತ್ರೆಯಿಂದ ತೆಗೆದಿಟ್ಟು ಆರಿಸಿದ ಕುದ್ದ ಮೊಸರು ಒಂದು ಚಮಚ. ಮೂರನೆಯದಕ್ಕೆ ಏನೂ ಇಲ್ಲ. ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಮುಚ್ಚಿಟ್ಟಳು.

"ಇದೇನು ಆಟ?" ಎಂದೆ.

"ಆಟ ಅಲ್ಲ ಕಣೆ. ನನ್ನ ಬಾಯಿಂದ ಹೇಳಿದ್ರೆ ಯಾರೂ ಕೇಳಲ್ಲ, ಲೋಟ ಹೇಳಲಿ."

ಸಂಜೆ ನಾಲ್ಕಕ್ಕೆ ಮೊದಲನೆಯದು ಗಟ್ಟಿಯಾಗಿತ್ತು. ಉಳಿದೆರಡೂ ಹಾಲಾಗಿಯೇ ಇದ್ದವು. ಮೂರನ್ನೂ ಟ್ರೇಯಲ್ಲಿಟ್ಟು ಊಟದ ಪಟ್ಟಿ ಬರೆಯುವ ಡಯಟ್ ಮೇಡಂ ಹತ್ತಿರ ಹೋದಳು. ಬಾಗಿಲು ತೆಗೆಯಲು ನಾನು ಜೊತೆಗೆ.

ಮೇಡಂ ಲೋಟ ಓರೆ ಮಾಡಿ ನೋಡಿದರು. "ಸರಿಯಾಗೇ ಮಾಡಿದ್ದೀರ. ಅಷ್ಟು ಬಿಸಿಗೆ ಮೊಸರಿನ ಜೀವಾಣು ಉಳಿಯಲ್ಲ. ಹಾಗಂತ ಸಾರು ದಂಡ ಅಲ್ಲ. ಪ್ರೋಟೀನ್ ಇದೆ, ಸುಣ್ಣದಂಶ ಇದೆ. ಹಾಲಿನ ಸಕ್ಕರೆಯಲ್ಲಿ ಒಂದು ಪಾಲನ್ನ ಜೀವಾಣು ಮೊದಲೇ ತಿಂದಿರುತ್ತೆ, ಅದೂ ಕಮ್ಮೀನೇ ಇರುತ್ತೆ. ಆದ್ರೆ ಔಷಧಿಯಿಂದ ಕೆಟ್ಟ ಹೊಟ್ಟೆಗೆ ಜೀವ ಇರೋದೇ ಬೇಕು ಅಂತ ಬರೆದಿದ್ದು. ಅದೂ ಕೆಲವರಿಗಷ್ಟೆ ಅನುಕೂಲ ಆಗುತ್ತೆ, ಎಲ್ಲರಿಗೂ ಆಗುತ್ತೆ ಅಂತ ಹೇಳಕ್ಕಾಗಲ್ಲ."

"ಸಾರು ಇಳಿಸಿ ಆರಿದ ಮೇಲೆ ಒಂದು ಸೌಟು ಹಸಿ ಮೊಸರು ಬೆರೆಸ್ಲಾ ಮೇಡಂ?"

"ಎಪ್ಪತ್ತೈದರ ನಿಯಮ ಮುರಿದ ಹಾಗಾಗುತ್ತೆ. ಮೇಲಿನವರಿಗೆ ಎರಡು ಸಲ ಬರೆದೆ. ಎರಡೂ ನಿಯಮ ಇರಲಿ ಅಂದ್ರು."

ವಾಪಸ್ಸು ಬಂದಾಗ ಸೂಪರ್‌ವೈಸರ್ ಬಾಗಿಲಲ್ಲೇ ಇದ್ದ. "ಹನ್ನೊಂದು ವರ್ಷ ಟಿಕ್ ಹಾಕಿರೋ ಕೈ ಯಾರದಮ್ಮ? ಲೋಟ ತೊಳೆದಿಡು," ಎಂದ. ಅವನ ಮೇಲೆ ನನಗೆ ಉರಿದುಹೋಯಿತು, ಆದರೆ ಅವನಂದದ್ದು ಸುಳ್ಳಾಗಿರಲಿಲ್ಲ. ಲೋಟ ನಾನೇ ತೊಳೆದೆ.

ಅಂದು ರಾತ್ರಿಯೂಟದ ತಟ್ಟೆ ತರಲು ಹೋದಾಗ ಹೆಪ್ಪಮ್ಮ ಅಕ್ಕನ ಕಾಲ ಬಳಿ ಕುಳಿತು ಎಲ್ಲ ಹೇಳಿಬಿಟ್ಟಿದ್ದಳು.

"ಕುದಿಸಿದ್ದು ಹೆಪ್ಪಿಗೆ ಬರಲ್ಲ ಅಂತ ನಂಗೊತ್ತಿಲ್ವೇನೆ?" ಎಂದಳು ಅಕ್ಕ. "ಅಮ್ಮ ಇಬ್ಬರಿಗೂ ಒಟ್ಟಿಗೇ ಕಲಿಸಿದ್ದು. ತಟ್ಟೆ ಜೊತೆ ಬಂದ ಚೀಟೀಲಿ ಟಿಕ್ ನಿನ್ನದೇ ಇತ್ತು. ಏನೋ ಉಪಾಯ ಮಾಡಿರ್ತೀಯ ಅಂದ್ಕೊಂಡು ತಿಂದೆ."

ಹೆಪ್ಪಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು. ನನಗೆ ನಿಲ್ಲಲಾಗಲಿಲ್ಲ, ತಟ್ಟೆ ಎತ್ತಿಕೊಂಡು ಬಂದೆ.

ಮಾರನೆಯ ದಿನ ಮೂವತ್ತೊಂಬತ್ತು ಚೀಟಿಗೆ ಟಿಕ್ ಬಿತ್ತು. ಅಕ್ಕನದನ್ನು ಖಾಲಿ ಬಿಟ್ಟು, ಸೂಪರ್‌ವೈಸರನ ಕಣ್ಣು ತಪ್ಪಿಸಿ ಬೇರೆ ಚೀಟಿಗಳ ಅಡಿಯಲ್ಲಿ ಸೇರಿಸಿದಳು. ಅಷ್ಟೇ ಅವಳ ಕೈಲಾದದ್ದು. ಮಧ್ಯಾಹ್ನ ತಾನೇ ತಟ್ಟೆ, ಚೀಟಿ ಹಿಡಿದು ಮೇಲೆ ಹೋದಳು, ಹಿಂದೆ ನಾನು. ಮಗು ಬಹುಮಾನ ತೋರಿಸುವ ಹಾಗೆ ಆ ಖಾಲಿ ಚೌಕವನ್ನು ಅಕ್ಕನಿಗೆ ತೋರಿಸಿದಳು.

ಅಕ್ಕ ಚೀಟಿ ನೋಡಿದಳು. ಆಮೇಲೆ ಪಕ್ಕದ ಹಾಸಿಗೆಯ ಮುದುಕಿಯ ತಟ್ಟೆಯ ಕಡೆ ಕತ್ತು ತಿರುಗಿಸಿದಳು. ಮುದುಕಿ ಸಾರನ್ನು ಬೆರಳಲ್ಲಿ ಬಳಿದು, ಒಂದು ಹನಿಯೂ ಬಿಡದೆ ನೆಕ್ಕುತ್ತಿದ್ದಳು.

"ಇವರದ್ದಕ್ಕೆ ಯಾಕೆ ಟಿಕ್ ಹಾಕಿದೀಯ?" ಎಂದಳು ಅಕ್ಕ.