ಐದು ಮೊಳದ ಕೌದಿ

ನಮ್ಮಕ್ಕ ಹತ್ತಿಮತ್ತೂರಿನಲ್ಲಿ ಕೌದಿ ಹೊಲಿಯುತ್ತಾಳೆ. ನಾನು ಶಿಗ್ಗಾಂವದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಅವನ್ನು ಒಂದು ಕಂಪನಿಯ ಆನ್‌ಲೈನ್ ಜಾಲತಾಣದಲ್ಲಿ ಮಾರುತ್ತೇನೆ. ಬೆರಳು ಚುಚ್ಚಿಸಿಕೊಳ್ಳುವವಳು ಅವಳು, ಬುದ್ಧಿವಂತ ಮಾತ್ರ ನಾನು.

ಕೌದಿ ಎಂದು ಹುಡುಕಿದರೆ ನಮ್ಮದು ಮೊದಲ ಪುಟದಲ್ಲೇ ಕಾಣುತ್ತಿತ್ತು. ಒಂದು ವಾರ ಆರ್ಡರ್ ಬರಲಿಲ್ಲ. ನನ್ನ ಖಾತೆಯಿಂದ ಹೊರಬಂದು, ಗಿರಾಕಿಯಂತೆ ಹುಡುಕಿದೆ. ನಮ್ಮ ಕೌದಿ ಒಂಬತ್ತನೇ ಪುಟದಲ್ಲಿತ್ತು. ಅಷ್ಟು ದೂರ ಹೋಗಿ ಕೌದಿ ಕೊಳ್ಳುವಷ್ಟು ಚಳಿ ಯಾರಿಗೂ ಇರುವುದಿಲ್ಲ.

ದಿನಾ ಸಂಜೆ ಅಕ್ಕ ಫೋನ್ ಮಾಡಿ, ಯಾರಿಗಾದರೂ ಹಿಡಿಸಿತೇ ಎಂದು ಕೇಳುತ್ತಿದ್ದಳು. ಮಾರ್ಕೆಟ್ ಡೌನ್ ಐತಿ ಎಂದು ದೊಡ್ಡ ವ್ಯಾಪಾರಸ್ಥನ ಗತ್ತಿನಲ್ಲಿ ಹೇಳುತ್ತಿದ್ದೆ. ಮಾರ್ಕೆಟ್ಟಿನ ಮುಖವನ್ನು ನಾನೂ ನೋಡಿರಲಿಲ್ಲ.

ಕೊನೆಗೆ ತಪಾಸಣೆಗೆ ಕೂತೆ. ಮೊದಲು ಸ್ಟಾಕ್: ಎಂಟು ಕೌದಿ, ಸರಿಯಾಗಿಯೇ ತೋರಿಸುತ್ತಿತ್ತು. ಆಮೇಲೆ ಬೆಲೆ: ನಾವು ಏರಿಸಿರಲಿಲ್ಲ, ಬೇರೆಯವರು ಇಳಿಸಿರಲಿಲ್ಲ, ಸಾಗಣೆ ಸೇರಿಸಿ ನೋಡಿದರೂ ಅಷ್ಟೇ. ಎರಡೂ ನಿರಪರಾಧಿ ಎಂದ ಮೇಲೆ ಕಂಪನಿಯನ್ನೇ ಬೈದೆ. ಬಡವರ ಕಸುಬು ಕಂಡರೆ ಇವರಿಗೆ ಹೊಟ್ಟೆಯುರಿ ಎಂದು ಚಹಾದಂಗಡಿಯವನಿಗೆ ಭಾಷಣ ಮಾಡಿದೆ. ಅವನು ಪೂರಾ ಒಪ್ಪಿದ, ಅವನಿಗೆ ಕೆಲಸವಿತ್ತು.

ಮರಳಿ ಬಂದು, ಡಬಲ್ ಬೆಡ್ ಎಂಬ ಅಳತೆಯ ಫಿಲ್ಟರ್ ಒತ್ತಿ ಹುಡುಕಿದೆ. ಒಂಬತ್ತನೇ ಪುಟದಲ್ಲೂ ನಮ್ಮ ಕೌದಿ ಇಲ್ಲ. ಆಗ ವಿವರಗಳ ಪುಟ ತೆರೆದೆ. ಅಳತೆಯ ಕಾಲಂ ಎದುರು ಕೆಂಪು ಗುರುತು: ಈ ಮಾಹಿತಿ ಅಮಾನ್ಯ, ಗ್ರಾಹಕರಿಗೆ ತೋರಿಸುತ್ತಿಲ್ಲ.

ಅಲ್ಲಿದ್ದದ್ದು "ಐದು ಮೊಳ". ಬರೆದವನು ನಾನೇ. ಪಟ್ಟಣದವರಿಗೆ ಹಳ್ಳಿಯ ಸೊಗಡು ಬೇಕು ಎಂದು ಯಾವುದೋ ವಿಡಿಯೋದಲ್ಲಿ ಕೇಳಿ, ಹಿಂದಿನ ವಾರ ತೊಂಬತ್ತು ಇಂಚನ್ನು ಅಳಿಸಿ ಸೊಗಡು ಸುರಿದಿದ್ದೆ. ಯಂತ್ರಕ್ಕೆ ಬೇಕಾದದ್ದು ಅಂಕಿ ಮತ್ತು ಇಂಚು. ಮೊಳ ಅರ್ಥವಾಗದೆ ಅದು ಅಳತೆಯನ್ನೇ ಮುಚ್ಚಿಟ್ಟಿತ್ತು, ಅಳತೆಯಿಲ್ಲದ ಸರಕನ್ನು ಹಿಂದಕ್ಕೆ ತಳ್ಳಿತ್ತು. ಎಚ್ಚರಿಕೆಯ ಮೇಲ್ ಕೂಡ ಬಂದಿತ್ತು. ಬುದ್ಧಿವಂತರು ಮೇಲ್ ಓದುವುದಿಲ್ಲ.

ಮತ್ತೆ ಅಂದಾಜು ಬೇಡವೆಂದು ಟೇಪ್ ಹಿಡಿದು ಹತ್ತಿಮತ್ತೂರಿನ ಬಸ್ ಹತ್ತಿದೆ. ಅಕ್ಕ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ಹೊಲಿಯುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ, ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಬಿಚ್ಚಿದ ಮೂರು ಕೌದಿಗಳ ತುಂಡುಗಳಿದ್ದವು. ಒಂದೊಂದನ್ನು ಹೊಲಿಯಲೂ ಅವಳಿಗೆ ತಿಂಗಳು ಹಿಡಿದಿತ್ತು.

"ಹೊಲಿಗಿ ಒರಟಾಗೇತಿ ಅನಸ್ತು ತಮ್ಮ, ಅದಕ್ಕ ಯಾರೂ ತಗೊಳ್ಳವಲ್ರು," ಅಂದಳು. "ಬಿಚ್ಚಿ ಸಣ್ಣಗ ಹಾಕಾಕತ್ತೇನಿ."

ತಪ್ಪು ಹೊಲಿಗೆಯದಲ್ಲ, ನನ್ನದು, ಅಳತೆ ತಪ್ಪು ಬರೆದು ಕೌದಿ ಯಾರಿಗೂ ಕಾಣದಂತೆ ಮಾಡಿದ್ದೆ ಎಂದು ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಬ್ಲೇಡ್ ಕೆಳಗಿಟ್ಟು, ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಹಂಗಾದ್ರ ನನ್ನ ಕೈ ಚೊಲೋನ ಐತಿ?"